ಐದು ಅಂಕದ ಲಾರಿ, ಐದು ಅಂಕದ ಕುಸಿತ

ಬೆಂಗಳೂರಿನ ಹಳೆಯ ಬಡಾವಣೆಯಲ್ಲಿ ಎರಡು ಬೇಸ್‌ಮೆಂಟಿನ ಅಪಾರ್ಟ್‌ಮೆಂಟ್ ಕಟ್ಟುವ ಗುತ್ತಿಗೆ ಒಬ್ಬರಿಗೆ ಸಿಕ್ಕಿದೆ ಎಂದಿಟ್ಟುಕೊಳ್ಳೋಣ. ಏಳು ಮೀಟರ್ ಆಳ ಅಗೆಯಬೇಕು. ಎರಡು ಮೀಟರ್ ಆಚೆಗೆ ಪಕ್ಕದವರ ಕಲ್ಲುಪಾಯದ ಹಳೆ ಮನೆ. ಅಗೆದು ಮುಗಿಸುವ ಹೊತ್ತಿಗೆ ಮಳೆಗಾಲ.

ಇಂಥ ಕಡೆ ಕೆಲಸಕ್ಕೆ ಮುಂಚೆ ರಿಸ್ಕ್ ಮ್ಯಾಟ್ರಿಕ್ಸ್ ಹಾಕುತ್ತಾರೆ. ಪ್ರತಿ ಅಪಾಯಕ್ಕೂ ಎರಡು ಅಂಕ: ಆಗುವ ಸಂಭವ ಎಷ್ಟು, ಆದರೆ ಪೆಟ್ಟು ಎಷ್ಟು. ಎರಡೂ ಒಂದರಿಂದ ಐದರೊಳಗೆ; ಗುಣಿಸಿದರೆ ಹೆಚ್ಚೆಂದರೆ 25. ಅಂಕಗಳ ಅರ್ಥವನ್ನು ಮೊದಲೇ ಬರೆದಿಡದಿದ್ದರೆ ಎಂಜಿನಿಯರರ ‘ಮೂರು’ ಒಂದು, ಮೇಸ್ತ್ರಿಯ ‘ಮೂರು’ ಇನ್ನೊಂದು. ಇಲ್ಲಿ ಪೆಟ್ಟು 1 ಎಂದರೆ ಒಂದು ದಿನ ತಡ, 3 ಎಂದರೆ ಹತ್ತು ಲಕ್ಷ ರೂಪಾಯಿ ನಷ್ಟ, 5 ಎಂದರೆ ಸಾವು.

ಅಗೆದ ಬದಿ ಕುಸಿಯುವುದಕ್ಕೆ ಸಂಭವ 3, ಪೆಟ್ಟು 5: ಒಟ್ಟು 15. ಕಬ್ಬಿಣದ ದರ ಏರುವುದಕ್ಕೆ 4 ಮತ್ತು 3, ಅಂದರೆ 12. ಕಾಂಕ್ರೀಟ್ ಲಾರಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವುದು ನಿತ್ಯದ ಮಾತು; ಸಂಭವ 5, ಪೆಟ್ಟು 1, ಒಟ್ಟು 5.

ಅನೇಕರು ಇಷ್ಟು ಮಾಡಿ, ಹಾಳೆಗೆ ಕೆಂಪು ಹಳದಿ ಬಳಿದು ಫೈಲಿಗೆ ಸೇರಿಸಿಬಿಡುತ್ತಾರೆ. ನಿಜವಾದ ಕೆಲಸ ಶುರುವಾಗುವುದೇ ಇಲ್ಲಿಂದ.

15 ಬಂದ ಅಪಾಯವನ್ನು ಹಾಗೇ ಬಿಟ್ಟು ಜೆಸಿಬಿ ಇಳಿಸುವಂತಿಲ್ಲ. ಬದಿಯನ್ನು ಇಳಿಜಾರಾಗಿ ಕತ್ತರಿಸೋಣವೆಂದರೆ ಎರಡು ಮೀಟರ್ ಜಾಗ ಸಾಲದು. ಹಾಗಾಗಿ ಅಂಚಿನುದ್ದಕ್ಕೂ ಪೈಲ್‌ಗಳ ಸಾಲು ಇಳಿಸಿ, ಆಮೇಲೆ ಹಂತಹಂತವಾಗಿ ಅಗೆಯಬೇಕು. ಮೇಲಿನ ಮಳೆನೀರು ಗುಂಡಿಯತ್ತ ಹರಿಯದಂತೆ ಚರಂಡಿ ಬೇಕು. ಅಗೆದ ಮಣ್ಣನ್ನು ಅಂಚಿನಲ್ಲಿ ರಾಶಿ ಹಾಕಬಾರದು. ವಿಮೆಯನ್ನೂ ಮಾಡಿಸಬೇಕು, ಆದರೆ ಅದು ಹಣದ ಪೆಟ್ಟನ್ನಷ್ಟೇ ಇಳಿಸುತ್ತದೆ.

ಈಗ ಮತ್ತೆ ಅಂಕ ಹಾಕಿ. ಪೈಲ್ ಬಂದಮೇಲೆ ಸಂಭವ 3ರಿಂದ 1ಕ್ಕೆ ಇಳಿಯಿತು. ಕುಸಿದರೆ ಸಾವು ಎಂಬುದು ಬದಲಾಗಲಿಲ್ಲ, ಪೆಟ್ಟು 5 ಹಾಗೇ ಇದೆ. ಗುಣಿಸಿದರೆ 5. ಟ್ರಾಫಿಕ್ಕಿನ ಲಾರಿಗೂ ಅಷ್ಟೇ ಅಂಕ!

ಮ್ಯಾಟ್ರಿಕ್ಸಿನ ದೊಡ್ಡ ಕುಂದು ಇದೇ. ಈ ಅಂಕಗಳು ಮೇಲು-ಕೆಳಗು ಹೇಳುವ ಗುರುತುಗಳೇ ಹೊರತು ಅಳತೆಗಳಲ್ಲ. 4 ಎಂಬುದು 2ರ ಎರಡರಷ್ಟು ಅಪಾಯವೇನಲ್ಲ. ಲೂಯಿಸ್ ಆಂಥನಿ ಕಾಕ್ಸ್ ಎಂಬ ಅಮೆರಿಕದ ತಜ್ಞರು 2008ರಲ್ಲಿ ಈ ಕೋಷ್ಟಕಗಳ ಇಂಥ ದೋಷಗಳನ್ನು ಗಣಿತದ ಮೂಲಕವೇ ತೋರಿಸಿದರು. ಆದ್ದರಿಂದ ಬಲ್ಲವರು ಒಂದು ಕಟ್ಟಳೆ ಸೇರಿಸಿಕೊಳ್ಳುತ್ತಾರೆ: ಪೆಟ್ಟು 5 ಇರುವ ಅಪಾಯ, ಒಟ್ಟು ಅಂಕ ಎಷ್ಟೇ ಇಳಿಯಲಿ, ಪಟ್ಟಿಯಿಂದ ಹೊರಗೆ ಹೋಗುವಂತಿಲ್ಲ.

ಲಾರಿಯ ತಡಕ್ಕೆ ಕಾಂಕ್ರೀಟನ್ನು ರಾತ್ರಿ ತರಿಸಿದರಾಯಿತು. ಕುಸಿತಕ್ಕೆ ನಿತ್ಯದ ಕಾವಲು ಬೇಕು. ಪಕ್ಕದ ಮನೆಯಲ್ಲಿ ಮೊದಲೇ ಇರುವ ಬಿರುಕುಗಳ ಫೋಟೊವನ್ನು ಮನೆಯವರ ಎದುರೇ ತೆಗೆದು, ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸುತ್ತಾರೆ. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಬೆಳಿಗ್ಗೆ ಅದನ್ನು ನೋಡುವವರು ಯಾರು, ಒಡೆದಿದ್ದರೆ ಯಾರನ್ನೂ ಕೇಳದೆ ಕೆಲಸ ನಿಲ್ಲಿಸುವ ಅಧಿಕಾರ ಯಾರಿಗೆ ಎಂಬುದು ಹೆಸರಿನ ಸಮೇತ ಪಟ್ಟಿಯಲ್ಲಿರಬೇಕು.

ಕಬ್ಬಿಣದ ದರದ ಪಾಡು ಬೇರೆ. ದರ ಏರಿದರೆ ಮಾಲೀಕರು ವ್ಯತ್ಯಾಸ ಕೊಡುವ ಷರತ್ತು ಕರಾರಿನಲ್ಲಿದ್ದರೆ ಸರಿ. ಇಲ್ಲದಿದ್ದರೆ ಟೆಂಡರ್ ಮೊತ್ತದಲ್ಲೇ ಆ ಹತ್ತು ಲಕ್ಷದ ಒಂದು ಪಾಲು ಸೇರಿರಬೇಕು. ಕೊನೆಯ ಲೋಡ್ ಸೈಟಿಗೆ ಬಂದ ದಿನ ಆ ಸಾಲನ್ನು ಹೊಡೆದುಹಾಕಬಹುದು. ಕುಸಿತದ ಸಾಲು ಮಾತ್ರ ಬೇಸ್‌ಮೆಂಟಿನ ಗೋಡೆ ಎದ್ದು, ಸುತ್ತ ಮಣ್ಣು ತುಂಬುವ ತನಕ ಇರುತ್ತದೆ.