ಹತ್ತು ದಿನದ ಸೇವೆಯೋ, ಪ್ರವಾಸವೋ?

ಪ್ರಶ್ನೆ: ಹತ್ತು ದಿನ ನೇಪಾಳಕ್ಕೆ ಹೋಗುವವಳಿದ್ದೇನೆ. ಬರೀ ಊರು ನೋಡುವ ಬದಲು ಹಣ ಕಟ್ಟಿ ಅಲ್ಲಿನ ಅನಾಥಾಶ್ರಮದಲ್ಲಿ ಮಕ್ಕಳಿಗೆ ಪಾಠ ಹೇಳಬಹುದೇ?

ಉತ್ತರ: ಅನಾಥಾಶ್ರಮ ಮಾತ್ರ ಬೇಡ. ನೇಪಾಳದಲ್ಲಿ ಇಂಥ ನಿಲಯಗಳು ಹೆಚ್ಚಾಗಿರುವುದು ಬಡ ಜಿಲ್ಲೆಗಳಲ್ಲಲ್ಲ, ಕಠ್ಮಂಡು, ಪೋಖರಾದಂಥ ಪ್ರವಾಸಿಗರ ಊರುಗಳಲ್ಲಿ. ಒಳ್ಳೆಯ ಶಾಲೆಗೆ ಸೇರಿಸುತ್ತೇವೆಂದು ನಂಬಿಸಿ, ಹುಮ್ಲಾದಂಥ ದೂರದ ಜಿಲ್ಲೆಗಳ ಹೆತ್ತವರಿಂದ ಹಣವನ್ನೂ ಪಡೆದು ದಲ್ಲಾಳಿಗಳು ಮಕ್ಕಳನ್ನು ಕರೆತಂದದ್ದುಂಟು. ಅಪ್ಪ ಅಮ್ಮ ಬದುಕಿದ್ದರೂ ಮಗು ಕಾಗದದ ಮೇಲೆ ಅನಾಥ. ಭೇಟಿಗಾರರ ಹಣ ಬರುತ್ತಿರುವವರೆಗೆ ಆ ಮಗು ಮನೆಗೆ ಮರಳುವುದು ನಡೆಸುವವರಿಗೆ ಬೇಕಿರುವುದಿಲ್ಲ. ಆಸ್ಟ್ರೇಲಿಯ 2018ರಲ್ಲಿ ಆಧುನಿಕ ಗುಲಾಮಗಿರಿ ಕಾಯ್ದೆ ತಂದಾಗ ಹೀಗೆ ಮಕ್ಕಳನ್ನು ನಿಲಯಗಳಿಗೆ ಸಾಗಿಸುವುದನ್ನೂ ಗುಲಾಮಗಿರಿಯೆಂದೇ ಗುರುತಿಸಿತು. ನಿಲಯ ಪ್ರಾಮಾಣಿಕವಾಗಿದ್ದರೂ, ವಾರಕ್ಕೊಬ್ಬ ಹೊಸ ಅಕ್ಕನನ್ನು ಹಚ್ಚಿಕೊಂಡು ಕಳೆದುಕೊಳ್ಳುವ ಮಗುವಿನ ಪಾಡು ನೆನೆಸಿಕೊಳ್ಳಿ.

ಬೇರೆ ಯೋಜನೆಯಾದರೆ ಮೊದಲು ಅವರು ನಿಮ್ಮನ್ನು ಏನು ಕೇಳುತ್ತಾರೆ ನೋಡಿ. ಮಕ್ಕಳ ನಡುವಿನ ಕೆಲಸಕ್ಕೆ ಪೊಲೀಸ್ ಪ್ರಮಾಣಪತ್ರ, ಅನುಭವ, ಕೆಲವು ತಿಂಗಳ ಬಿಡುವು ಕೇಳುವವರು ನಂಬಲರ್ಹರು. ದಿನಾಂಕ ಮತ್ತು ಹಣ ಮಾತ್ರ ಕೇಳಿದರೆ ಗಿರಾಕಿ ನೀವೇ. ಶುಲ್ಕದಲ್ಲಿ ಊರಿಗೆ ಎಷ್ಟು ಸೇರುತ್ತದೆ, ಆ ಕೆಲಸಕ್ಕೆ ಸ್ಥಳೀಯರೇ ಏಕಿಲ್ಲ ಎಂದೂ ಕೇಳಿ.

ಹತ್ತೇ ದಿನವಿದ್ದರೆ ನನ್ನ ಮತ ಪ್ರವಾಸಕ್ಕೇ. ಸ್ಥಳೀಯ ಗೈಡ್ ಜೊತೆ ನಡೆದು ಹಳ್ಳಿಯ ಹೋಂಸ್ಟೇಯಲ್ಲಿ ಉಳಿಯಿರಿ. ಆ ದುಡ್ಡಿನಿಂದ ಅಲ್ಲಿನ ಅಪ್ಪ ಅಮ್ಮಂದಿರು ತಮ್ಮ ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡು ಓದಿಸಬಲ್ಲರು.