ತೂಕವಿಲ್ಲದ ಪುಸ್ತಕಕ್ಕೂ ಸರದಿಯೇಕೆ?

ಎರವಲು ತಂದ ಪುಸ್ತಕವನ್ನು ಸಕಾಲದಲ್ಲಿ ಹಿಂದಿರುಗಿಸದ ವಿದ್ಯಾರ್ಥಿಗಳನ್ನು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಗದರಿಸುತ್ತ ಬಂದವರು ನಾವು. ಅಂತಹ ನಮ್ಮ ಕೈಯಿಂದ, ಕಥೆ ಮುಗಿಯುವ ಮುನ್ನವೇ, ಪುಸ್ತಕವು ತಾನಾಗಿ ಎದ್ದುಹೋಯಿತೆಂದರೆ ವಾಚಕರು ನಗದೆ ಇರಲಾರರು. ಆದರೂ ನಡೆದುದನ್ನು ನಡೆದಂತೆ ಹೇಳುವೆವು. ಪರದೇಶದಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ಹಿರಿಯರು ಈಗ ಅನೇಕರಿರುವರಷ್ಟೆ. ಅವರಿಗೆ ಇದರಿಂದ ಪ್ರಯೋಜನವಾದೀತು.

ಕಳೆದ ವರ್ಷ ನಾವು ಸಪತ್ನೀಕರಾಗಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿ ಐದು ತಿಂಗಳಿದ್ದೆವು. ಕಣ್ಣಿನ ಪೊರೆ ತೆಗೆಯಿಸಿಕೊಂಡ ಮೇಲೂ ಸಣ್ಣಕ್ಷರದ ಪುಸ್ತಕ ನಮಗೆ ಕಷ್ಟ. ಮಗನು ತನ್ನ ಕಿಂಡಲ್ ಯಂತ್ರವನ್ನು ನಮ್ಮ ಕೈಗಿತ್ತು, "ಅಪ್ಪ, ಇದರಲ್ಲಿ ಅಕ್ಷರ ನಿಮಗೆ ಬೇಕಾದಷ್ಟು ದಪ್ಪವಾಗುತ್ತದೆ. ಪುಸ್ತಕ ಕೊಳ್ಳಬೇಕಾದುದಿಲ್ಲ, ಊರಿನ ಲೈಬ್ರರಿಯೇ ಕೊಡುತ್ತದೆ" ಎಂದನು. ಆ ಸಾರ್ವಜನಿಕ ಗ್ರಂಥಾಲಯದ ಕಾರ್ಡು ಅವನಲ್ಲಿತ್ತು. ಲಿಬ್ಬಿ ಎಂಬ ಆಪನ್ನು ಫೋನಿನಲ್ಲಿ ಇಳಿಸಿಕೊಂಡು, ಗ್ರಂಥಾಲಯದ ಹೆಸರನ್ನು ಹುಡುಕಿ, ಕಾರ್ಡಿನ ಸಂಖ್ಯೆಯನ್ನೂ ಗುಪ್ತಸಂಖ್ಯೆಯನ್ನೂ ಬರೆದುದೇ ತಡ, ಭಂಡಾರದ ಬಾಗಿಲು ತೆರೆಯಿತು.

ನಾವು ಅಪೇಕ್ಷಿಸಿದುದು ಅಬ್ರಹಾಂ ವರ್ಗೀಸರ 'ದಿ ಕವನಂಟ್ ಆಫ್ ವಾಟರ್' ಎಂಬ ಕಾದಂಬರಿಯನ್ನು. 2023ರಲ್ಲಿ ಪ್ರಕಟವಾದ ಈ ಗ್ರಂಥವು 700 ಪುಟಗಳನ್ನು ಮೀರಿದುದು. ಕೇರಳದ ಒಂದು ಮನೆತನದ ಮೂರು ತಲೆಮಾರುಗಳ ಕಥೆ. ಹುಡುಕಿದೊಡನೆ ಅದು ಕಂಡಿತು. ಆದರೆ ಎರವಲಿನ ಗುಂಡಿಯಿರಬೇಕಾದ ಕಡೆ "Place Hold" ಎಂದಿತ್ತು. ಒತ್ತಿದೆವು. ಪ್ರತಿಗಳು 10, ಕಾದಿರುವವರಲ್ಲಿ ನಾವು 50ನೆಯವರು!

ಕಾಗದವೂ ರಟ್ಟೂ ಇಲ್ಲದ ಪುಸ್ತಕಕ್ಕೆ ಹತ್ತೇ ಪ್ರತಿಗಳೇಕೆ? ಈ ಪ್ರಶ್ನೆ ನಮ್ಮನ್ನು ಎರಡು ದಿನ ಕಾಡಿತು. ಕಾರಣವಿಷ್ಟೆ: ಗ್ರಂಥಾಲಯವು ಕೊಳ್ಳುವುದು ಪುಸ್ತಕವನ್ನಲ್ಲ, ಓದಿಸುವ ಹಕ್ಕನ್ನು. ಸಾಮಾನ್ಯವಾಗಿ ಒಂದು ಹಕ್ಕಿಗೆ ಏಕಕಾಲದಲ್ಲಿ ಒಬ್ಬನೇ ಓದುಗನು. ಆ ಹಕ್ಕೂ ಅನೇಕ ವೇಳೆ ಶಾಶ್ವತವಲ್ಲ. ಹಾರ್ಪರ್‌ಕಾಲಿನ್ಸ್ ಎಂಬ ಪ್ರಕಾಶಕರು 2011ರಲ್ಲಿ ಒಂದು ಹಕ್ಕಿಗೆ 26 ಎರವಲುಗಳೆಂದು ಮಿತಿಯಿಟ್ಟರು. ಎರಡು ವರ್ಷಕ್ಕೆ ಹಕ್ಕು ತೀರುವಂತೆ ಮಾರುವ ಪ್ರಕಾಶಕರೂ ಉಂಟು. ಕಾಗದದ ಪುಸ್ತಕ ಸವೆಯುವಂತೆ ಇದನ್ನೂ ಸವೆಯಿಸಿರುವರು ಎನ್ನೋಣ.

ಲೆಕ್ಕ ಹಾಕಿದೆವು. 50 ಜನರಿಗೆ 10 ಪ್ರತಿಗಳಾದರೆ ಪ್ರತಿಯೊಂದಕ್ಕೆ ಐವರು. ಒಬ್ಬೊಬ್ಬರಿಗೆ 21 ದಿನ. ಒಟ್ಟು 105 ದಿನ, ಎಂದರೆ 15 ವಾರ. ಆದರೆ ನಮ್ಮ ಸರದಿ 12 ವಾರಗಳಲ್ಲಿಯೇ ಬಂದಿತು. ಅವಧಿಗೆ ಮುನ್ನ ಹಿಂದಿರುಗಿಸಿದ ಯಾರೋ ಪುಣ್ಯಾತ್ಮರು ನಮಗೆ ಮೂರು ವಾರಗಳನ್ನು ದಾನಮಾಡಿದ್ದರು. ಸರದಿ ಬಂದಾಗ ಮೂರು ದಿನಗಳೊಳಗೆ ಪುಸ್ತಕವನ್ನು ಸ್ವೀಕರಿಸಬೇಕು. ಆಗ ಬಿಡುವಿಲ್ಲದಿದ್ದರೆ "Deliver Later" ಎಂಬುದನ್ನು ಒತ್ತಿದರಾಯಿತು. ನಮ್ಮ ಸ್ಥಾನ ಕೆಡದೆ, ಹಿಂದಿನವರಿಗೆ ದಾರಿಯಾಗುವುದು.

ಇನ್ನು ಕಿಂಡಲಿಗೆ ಕಳುಹಿಸುವ ಬಗೆ. ಲಿಬ್ಬಿಯ ಕಪಾಟಿನಲ್ಲಿ ಪುಸ್ತಕದ ಬಳಿ "Read With" ಎಂಬುದನ್ನು ಒತ್ತಿ ಕಿಂಡಲನ್ನು ಆರಿಸಿದರೆ ಅಮೆಜಾನಿನ ಪುಟ ತೆರೆಯುವುದು. ಅಲ್ಲಿ ಯಂತ್ರದ ಹೆಸರನ್ನು ಗೊತ್ತುಮಾಡಿ "Get Library Book" ಎಂಬುದನ್ನು ಒತ್ತಬೇಕು. ಯಂತ್ರವು ವೈಫೈಗೆ ಸೇರಿದ್ದರೆ ಕೆಲವು ನಿಮಿಷಗಳಲ್ಲಿ ಪುಸ್ತಕವು ಬಂದಿಳಿಯುವುದು. ನಮಗೆ ಅರ್ಧ ಗಂಟೆಯಾದರೂ ಬರಲಿಲ್ಲ. ನೋಡಿದರೆ ಯಂತ್ರದ ಮೇಲ್ಗಡೆ ವಿಮಾನದ ಚಿತ್ರ, ಅಂದರೆ ವೈಫೈ ಮುಚ್ಚಿದೆ. ತೆರೆದೊಡನೆ ಬಂದಿತು. ಕಿಂಡಲಿನ ಈ ಸೌಕರ್ಯ 2011ರಿಂದ ಇರುವುದಾದರೂ ಅಮೆರಿಕದ ಗ್ರಂಥಾಲಯಗಳಿಗೆ ಮಾತ್ರ ಸಲ್ಲುವುದೆಂಬುದನ್ನು ನೆನಪಿಡಬೇಕು.

ದಿನವೂ ಹಗಲು ನಾವು ಓದುವುದು. ಸಂಜೆ ಅಡಿಗೆಯ ಮನೆಯಲ್ಲಿ ನಮ್ಮ ಮನೆಯವರಿಗೆ ಅದನ್ನು ಕನ್ನಡದಲ್ಲಿ ಹೇಳುವುದು. ಆಕೆಗೆ ಕಥೆಯ ಅಮ್ಮಚ್ಚಿಯು ಸ್ವಂತ ಅತ್ತಿಗೆಯಂತಾಗಿದ್ದಳು. ಹೀಗೆ 60 ಅಧ್ಯಾಯಗಳಾದುವು. ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ತೆರೆಯಲು, ಎರವಲಿನ ಅವಧಿ ಮುಗಿಯಿತೆಂಬ ಸೂಚನೆ! ಕಾದವರಿದ್ದುದರಿಂದ ಅವಧಿಯನ್ನು ಮುಂದುವರಿಸಲಾಗದು. ಮತ್ತೆ ಸರದಿಗೆ ನಿಂತರೆ ಎಂಟು ವಾರ. ನಮ್ಮ ವಿಮಾನಕ್ಕೆ ಉಳಿದುದು ನಾಲ್ಕೇ ವಾರ. "ಅದೇಕೆ ನಿಲ್ಲಿಸಿಬಿಟ್ಟಿರಿ? ಮುಂದೇನಾಯಿತು?" ಎಂದು ಆಕೆ ಕೇಳಿದಾಗ, ಉತ್ತರವಿಲ್ಲದ ವಿದ್ಯಾರ್ಥಿಯಂತೆ ತಲೆ ತಗ್ಗಿಸಿದೆವು.

ಮಗನು ಒಂದು ಉಪಾಯವನ್ನು ಹೇಳಿದನು: "ಕೊನೆಯ ದಿನಕ್ಕೆ ಮುಂಚೆ ವೈಫೈ ಮುಚ್ಚಿಟ್ಟಿದ್ದರೆ ಪುಸ್ತಕ ಯಂತ್ರದಲ್ಲೇ ಉಳಿಯುತ್ತಿತ್ತಪ್ಪ. ಅಲ್ಲಿ ಲೆಕ್ಕ ಮುಗಿದುಹೋಗಿರುವುದರಿಂದ ಮುಂದಿನವರಿಗೂ ಪ್ರತಿ ಸಿಕ್ಕೇ ಸಿಗುತ್ತದೆ." ಅವನ ಮಾತು ನಿಜ, ಮುಂದಿನವರಿಗೆ ನಷ್ಟವಿಲ್ಲ. ಆದರೆ 21 ದಿನಗಳಿಗೆಂದು ಒಪ್ಪಿ ತಂದುದು ನಾವು. ನಷ್ಟವಿಲ್ಲವೆಂಬ ಮಾತ್ರದಿಂದ ಒಪ್ಪಂದ ಸಡಿಲವಾಗುವುದೇ? ನಮ್ಮ ಮನಸ್ಸು ಒಡಂಬಡಲಿಲ್ಲ.

ದಾರಿ ತೋರಿದವಳು ಸೊಸೆ. ಓದುವ ಪುಸ್ತಕವೂ ಕೇಳುವ ಪುಸ್ತಕವೂ ಲಿಬ್ಬಿಯಲ್ಲಿ ಬೇರೆ ಬೇರೆ. ಹಕ್ಕು ಬೇರೆ, ಸರದಿಯೂ ಬೇರೆ. ಆಕೆ ಹುಡುಕಿದಾಗ ಆಡಿಯೋ ಪುಸ್ತಕದ ಒಂದು ಪ್ರತಿ ಆ ಕ್ಷಣದಲ್ಲಿಯೇ ಬಿಡುವಾಗಿತ್ತು! ಅದು ಒಟ್ಟು 31 ಗಂಟೆಗಳಷ್ಟು, ಓದಿರುವವರು ಗ್ರಂಥಕರ್ತರೇ. ಲಿಬ್ಬಿಯ ಆಡಿಯೋ ಪುಸ್ತಕ ಕಿಂಡಲಿಗೆ ಹೋಗುವುದಿಲ್ಲ, ಫೋನಿನಲ್ಲಿಯೇ ಕೇಳಬೇಕು. ಅಧ್ಯಾಯಗಳ ಪಟ್ಟಿಯಲ್ಲಿ 61ನ್ನು ಆರಿಸಿ, ವೇಗವನ್ನು ಸ್ವಲ್ಪ ತಗ್ಗಿಸಿ, ಫೋನನ್ನು ಅಡಿಗೆಯ ಕಟ್ಟೆಯ ಮೇಲಿಟ್ಟೆವು. ಒಂದು ಪ್ರಸಂಗ ಮುಗಿದೊಡನೆ ನಿಲ್ಲಿಸುವುದು, ಕನ್ನಡದಲ್ಲಿ ಹೇಳುವುದು, ಮತ್ತೆ ಹಚ್ಚುವುದು. ಉಳಿದಿದ್ದ ಒಂಬತ್ತು ಗಂಟೆಗಳ ಕಥೆಗೆ ಹದಿನೆಂಟು ಸಂಜೆಗಳು ಹಿಡಿದುವು.

ಕೊನೆಯ ಅಧ್ಯಾಯ ಮುಗಿದಾಗ ನಮ್ಮ ಮನೆಯವರು ಸೆರಗಿನಿಂದ ಕಣ್ಣೊರಸಿಕೊಂಡು, "ಇದಕ್ಕೂ ಯಾರಾದರೂ ಕಾದಿದ್ದಾರೆಯೇ?" ಎಂದರು. ನೋಡಿದೆವು, ಅಷ್ಟರಲ್ಲಿ ಆರು ಮಂದಿ ಸರದಿಗೆ ನಿಂತಿದ್ದರು. ಅವಧಿ ಇನ್ನೂ ಮೂರು ದಿನವಿದ್ದಿತು. ಆಡಿಯೋ ಪುಸ್ತಕವನ್ನು ಲಿಬ್ಬಿಯಲ್ಲಿಯೇ ಹಿಂದಿರುಗಿಸಬಹುದು. ಕಿಂಡಲಿಗೆ ಕಳುಹಿಸಿದುದನ್ನಾದರೋ ಅಮೆಜಾನಿನ ಖಾತೆಗೆ ಹೋಗಿ "Return this book" ಎಂಬಲ್ಲಿ ಹಿಂದಿರುಗಿಸಬೇಕು. ಯಂತ್ರದಿಂದ ಅಳಿಸಿದ ಮಾತ್ರಕ್ಕೆ ಅದು ಹಿಂದಿರುಗಿದಂತಾಗದು, ಕಾದವರು ಕಾದೇ ಇರುವರು.

ಗುಂಡಿಯನ್ನು ಆಕೆಯ ಕೈಯಿಂದಲೇ ಒತ್ತಿಸಿದೆವು. ನಮಗೆ ದಾನವಾಗಿ ಬಂದಿದ್ದ ಮೂರು ವಾರಗಳಲ್ಲಿ ಮೂರು ದಿನಗಳಷ್ಟಾದರೂ ತೀರಿತು.