ಒಂದೇ ಕೊಬ್ಬರಿ, ಎರಡು ಲಾಭ

ತಿಪಟೂರಿನಲ್ಲಿ ಉಂಡೆ ಕೊಬ್ಬರಿಯ ವ್ಯಾಪಾರ ಮಾಡುವ ಒಂದು ಪಾಲುದಾರಿಕೆ ಸಂಸ್ಥೆಯನ್ನು ಕಲ್ಪಿಸಿಕೊಳ್ಳಿ. ದರ ಏರುತ್ತಲೇ ಹೋದ ವರ್ಷ ಅದು. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಇಟ್ಟುಕೊಳ್ಳೋಣ. ಏಪ್ರಿಲ್‌ನಲ್ಲಿ ಕ್ವಿಂಟಲ್‌ಗೆ 16,000 ರೂಪಾಯಿಯಂತೆ 100 ಕ್ವಿಂಟಲ್ ಕೊಂಡರು. ಆಗಸ್ಟ್‌ನಲ್ಲಿ 20,000ದಂತೆ ಇನ್ನೊಂದು 100, ಜನವರಿಯಲ್ಲಿ 24,000ದಂತೆ ಮತ್ತೊಂದು 100. ಹಮಾಲಿ, ಸಾಗಣೆ ಎಲ್ಲ ಸೇರಿಯೇ ಈ ದರ. ಒಟ್ಟು 300 ಕ್ವಿಂಟಲ್, 60 ಲಕ್ಷ ರೂಪಾಯಿ.

ದೀಪಾವಳಿಯ ಹೊತ್ತಿಗೆ 100 ಕ್ವಿಂಟಲ್ 21,000ದಂತೆ ಮಾರಾಟವಾಯಿತು. ಫೆಬ್ರುವರಿ, ಮಾರ್ಚ್‌ನಲ್ಲಿ 120 ಕ್ವಿಂಟಲ್ 25,000ದಂತೆ ಹೋಯಿತು. ಬಂದ ಹಣ 51 ಲಕ್ಷ. ಮಾರ್ಚ್ 31ರ ಸಂಜೆ ಗೋದಾಮಿನಲ್ಲಿ ಉಳಿದದ್ದು 80 ಕ್ವಿಂಟಲ್. ಈ ವರ್ಷದ ಲಾಭ ಎಷ್ಟು?

ಬಿಲ್ಲುಗಳೆಲ್ಲ ಕೈಯಲ್ಲಿವೆ, ತೂಕದ ಚೀಟಿಗಳೂ ಇವೆ. ಆದರೂ ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಉಳಿದ 80 ಕ್ವಿಂಟಲ್‌ಗೆ ಯಾವ ದರ ಕಟ್ಟುತ್ತೇವೆ ಎಂಬುದರ ಮೇಲೆ ಲಾಭ ನಿಂತಿದೆ. ಖರೀದಿಯ ಒಟ್ಟು ಮೊತ್ತದಿಂದ ಉಳಿದ ದಾಸ್ತಾನಿನ ಬೆಲೆಯನ್ನು ಕಳೆದರೆ ಮಾರಿದ ಮಾಲಿನ ಅಸಲು ಸಿಗುತ್ತದೆ. ಅದನ್ನು ಮಾರಾಟದ ಹಣದಿಂದ ಕಳೆದರೆ ಸಿಗುವುದು ಲಾಭ. ಹಾಗಾಗಿ ದಾಸ್ತಾನಿನ ಬೆಲೆ ಒಂದು ರೂಪಾಯಿ ಹೆಚ್ಚಿದರೆ ಲಾಭವೂ ಒಂದು ರೂಪಾಯಿ ಹೆಚ್ಚುತ್ತದೆ.

ಮೊದಲ ವಿಧಾನಕ್ಕೆ ಲೆಕ್ಕಿಗರು ಫಿಫೊ ಎನ್ನುತ್ತಾರೆ. ಮೊದಲು ಬಂದ ಮಾಲು ಮೊದಲು ಹೊರಗೆ ಹೋಯಿತು ಎಂದು ಹಿಡಿಯುವ ಲೆಕ್ಕ ಇದು. ಮಾರಾಟವಾದ 220 ಕ್ವಿಂಟಲ್‌ನಲ್ಲಿ ಏಪ್ರಿಲ್‌ನ 100, ಆಗಸ್ಟ್‌ನ 100 ಮತ್ತು ಜನವರಿಯ 20 ಸೇರಿದವು. ಅವುಗಳ ಅಸಲು 40.80 ಲಕ್ಷ. ಉಳಿದ 80 ಕ್ವಿಂಟಲ್ ಪೂರ್ತಿ ಜನವರಿಯ ಮಾಲು, 24,000ದಂತೆ 19.20 ಲಕ್ಷ. ಲಾಭ 10.20 ಲಕ್ಷ.

ಎರಡನೆಯದು ತೂಕದ ಸರಾಸರಿ. 60 ಲಕ್ಷವನ್ನು 300 ಕ್ವಿಂಟಲ್‌ಗೆ ಹಂಚಿದರೆ ಕ್ವಿಂಟಲ್‌ಗೆ 20,000. ಉಳಿದ ದಾಸ್ತಾನು 16 ಲಕ್ಷ, ಮಾರಿದ ಮಾಲಿನ ಅಸಲು 44 ಲಕ್ಷ, ಲಾಭ 7 ಲಕ್ಷ.

ಸರಾಸರಿಯಲ್ಲೂ ಒಂದು ಒಳದಾರಿ ಇದೆ. ವರ್ಷದ ಕೊನೆಗೆ ಒಮ್ಮೆ ಸರಾಸರಿ ತೆಗೆಯುವ ಬದಲು ಪ್ರತಿ ಖರೀದಿಯಾದಾಗಲೂ ಹೊಸದಾಗಿ ತೆಗೆಯಬಹುದು. ಆಗಸ್ಟ್ ಖರೀದಿಯ ನಂತರ ಗೋದಾಮಿನ 200 ಕ್ವಿಂಟಲ್‌ನ ಸರಾಸರಿ 18,000. ದೀಪಾವಳಿ ಮಾರಾಟ ಕಳೆದು ಉಳಿದ 100ಕ್ಕೆ ಜನವರಿಯ 100 ಸೇರಿದಾಗ ಅದು 21,000 ಆಗುತ್ತದೆ. ಆಗ ಉಳಿದ 80 ಕ್ವಿಂಟಲ್‌ನ ಬೆಲೆ 16.80 ಲಕ್ಷ, ಲಾಭ 7.80 ಲಕ್ಷ.

ಮಾಲು ನಿಜವಾಗಿ ಯಾವ ಕ್ರಮದಲ್ಲಿ ಹೊರಗೆ ಹೋಯಿತು ಎಂಬುದಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲ. ಬಾಗಿಲ ಬಳಿ ಇದ್ದ ಜನವರಿಯ ಚೀಲಗಳನ್ನೇ ಹಮಾಲರು ಮೊದಲು ಲಾರಿಗೆ ಹೇರಿರಬಹುದು. ಫಿಫೊ ಎಂಬುದು ಪುಸ್ತಕದಲ್ಲಿ ಅಸಲನ್ನು ಹರಿಸುವ ಕ್ರಮ ಮಾತ್ರ.

ಈಗ ಗಲ್ಲಾಪೆಟ್ಟಿಗೆ ನೋಡಿ. ಕೊಟ್ಟದ್ದು 60 ಲಕ್ಷ, ಬಂದದ್ದು 51 ಲಕ್ಷ. ಯಾವ ವಿಧಾನ ಹಿಡಿದರೂ ಕೈಯಿಂದ ಹೋದದ್ದು 9 ಲಕ್ಷ. ಫಿಫೊ ಲೆಕ್ಕದ 10.20 ಲಕ್ಷ ಲಾಭವೆಲ್ಲ ಗೋದಾಮಿನ ಚೀಲಗಳಲ್ಲೇ ಕೂತಿದೆ. ಇನ್ನೂ ಒಂದು ಮಾತು: ಮಾರಿದ 220 ಕ್ವಿಂಟಲನ್ನು ಜನವರಿಯ ದರದಲ್ಲೇ ಮತ್ತೆ ತುಂಬಿಸಲು 52.80 ಲಕ್ಷ ಬೇಕು. ಮಾರಾಟದ 51 ಲಕ್ಷ ಅದಕ್ಕೂ ಸಾಲದು. ಹಳೆಯ ಅಗ್ಗದ ಅಸಲನ್ನು ಹೊಸ ದುಬಾರಿ ಮಾರಾಟದ ಎದುರು ನಿಲ್ಲಿಸಿದ್ದರಿಂದ ಹುಟ್ಟಿದ ಲಾಭ ಇದು. ಲಾಭ ಬಂತೆಂದು ಪಾಲುದಾರರು ಹತ್ತು ಲಕ್ಷ ಹಂಚಿಕೊಂಡರೆ ಮುಂದಿನ ಖರೀದಿಗೆ ಸಾಲ ಮಾಡಬೇಕಾಗುತ್ತದೆ.

ತೆರಿಗೆಯಲ್ಲೂ ವ್ಯತ್ಯಾಸ ಕಾಣುತ್ತದೆ. ಪಾಲುದಾರಿಕೆ ಸಂಸ್ಥೆಗೆ ಆದಾಯ ತೆರಿಗೆ ಶೇ 30. ಫಿಫೊಗೂ ವರ್ಷದ ಸರಾಸರಿಗೂ ನಡುವೆ ಇರುವ 3.20 ಲಕ್ಷದ ಮೇಲೆ, ಸೆಸ್ ಬಿಟ್ಟು, 96,000 ರೂಪಾಯಿ ಈ ವರ್ಷವೇ ಹೆಚ್ಚು ಕಟ್ಟಬೇಕು. ಆದರೆ ಇದು ಶಾಶ್ವತ ಉಳಿತಾಯವೂ ಅಲ್ಲ, ನಷ್ಟವೂ ಅಲ್ಲ. ಈ ವರ್ಷದ ಅಖೈರು ದಾಸ್ತಾನೇ ಮುಂದಿನ ವರ್ಷದ ಆರಂಭಿಕ ದಾಸ್ತಾನು. ಆ 80 ಕ್ವಿಂಟಲ್ ಮುಂದಿನ ವರ್ಷ 26,000ದಂತೆ 20.80 ಲಕ್ಷಕ್ಕೆ ಮಾರಾಟವಾಯಿತು, ಹೊಸ ಖರೀದಿ ಮಾಡಲಿಲ್ಲ ಎಂದುಕೊಳ್ಳಿ. ಫಿಫೊದಲ್ಲಿ ಲಾಭ 1.60 ಲಕ್ಷ, ಸರಾಸರಿಯಲ್ಲಿ 4.80 ಲಕ್ಷ. ಎರಡು ವರ್ಷ ಕೂಡಿಸಿದರೆ ಎರಡರಲ್ಲೂ 11.80 ಲಕ್ಷವೇ. ದರ ಏರುವಾಗ ಫಿಫೊ ಲಾಭವನ್ನು ಮುಂಚೆ ತೋರಿಸುತ್ತದೆ, ಸರಾಸರಿ ತಡವಾಗಿ ತೋರಿಸುತ್ತದೆ. ವರ್ಷ ವರ್ಷವೂ ದರ ಏರುತ್ತಾ, ಗೋದಾಮಿನಲ್ಲಿ ಅಷ್ಟೇ ಮಾಲು ಇದ್ದರೆ ಆ ಮುಂದೂಡಿಕೆ ಮುಗಿಯುವುದೇ ಇಲ್ಲ.

ಹಾಗಾದರೆ ಪ್ರತಿ ವರ್ಷ ಅನುಕೂಲವಾದದ್ದನ್ನು ಆರಿಸಿಕೊಳ್ಳಬಹುದೇ? ಆಗದು. ಒಂದರ ಬದಲು ಇನ್ನೊಂದನ್ನು ಕೊಡಬಹುದಾದ ಸರಕುಗಳಿಗೆ ಭಾರತದ ಲೆಕ್ಕಪತ್ರ ಮಾನದಂಡ ಎಎಸ್ 2 ಒಪ್ಪುವುದು ಈ ಎರಡು ಸೂತ್ರಗಳನ್ನೇ. ಒಮ್ಮೆ ಹಿಡಿದದ್ದನ್ನು ವರ್ಷದಿಂದ ವರ್ಷಕ್ಕೆ ಮುಂದುವರಿಸಬೇಕು. ಬದಲಿಸಲು ತಕ್ಕ ಕಾರಣ ಬೇಕು, ಅದರಿಂದ ಲಾಭ ಎಷ್ಟು ಏರುಪೇರಾಯಿತು ಎಂದು ತಿಳಿಸಬೇಕು. ಆದಾಯ ತೆರಿಗೆಯ ಮಾನದಂಡವೂ ಸಕಾರಣವಿಲ್ಲದ ಬದಲಾವಣೆಯನ್ನು ಒಪ್ಪುವುದಿಲ್ಲ.

ಇನ್ನೊಂದು ಕಡಿವಾಣವಿದೆ. ಅಸಲು ಮತ್ತು ಮಾರಿದರೆ ಖರ್ಚು ಕಳೆದು ಕೈಗೆ ಸಿಗುವ ಬೆಲೆ, ಇವೆರಡರಲ್ಲಿ ಕಡಿಮೆ ಇರುವುದನ್ನೇ ದಾಸ್ತಾನಿಗೆ ಕಟ್ಟಬೇಕು. ಮಾರ್ಚ್ ಕೊನೆಗೆ ಕೊಬ್ಬರಿಯ ದರ ಹಠಾತ್ತನೆ ಕುಸಿದು, ಕೈಗೆ ಸಿಗುವುದು 18,000 ಮಾತ್ರ ಎನ್ನಿ. ಆಗ ಫಿಫೊದ 24,000ವೂ ಸರಾಸರಿಯ 20,000ವೂ 18,000ಕ್ಕೇ ಇಳಿಯುತ್ತವೆ. ಎರಡು ಲೆಕ್ಕಗಳ ಅಂತರವೂ ಅಳಿಸಿಹೋಗುತ್ತದೆ. ಕೈಗೆ ಸಿಗುವುದು 22,000 ಆದರೆ ಫಿಫೊ ಮಾತ್ರ ಇಳಿಯುತ್ತದೆ, ಸರಾಸರಿ ಹಾಗೇ ಉಳಿಯುತ್ತದೆ. ಏರಿಕೆಯಲ್ಲಿ ಹೆಚ್ಚು ಲಾಭ ತೋರಿಸಿದ ವಿಧಾನವೇ ಇಳಿಕೆಯಲ್ಲಿ ಮೊದಲು ಪೆಟ್ಟು ತಿನ್ನುತ್ತದೆ.

ಷೇರು ಕೊಳ್ಳುವವರಿಗೆ, ಸಾಲ ಕೊಡುವವರಿಗೆ, ಪಾಲುದಾರಿಕೆಗೆ ಹಣ ಹೂಡುವವರಿಗೆ ಇದರಲ್ಲಿ ಕೆಲಸಕ್ಕೆ ಬರುವ ಮಾತಿದೆ. ಮೇಲಿನ ಸಂಸ್ಥೆಯ ಲಾಭ ಫಿಫೊದಲ್ಲಿ ಮಾರಾಟದ ಶೇ 20, ವರ್ಷದ ಸರಾಸರಿಯಲ್ಲಿ ಶೇ 14ಕ್ಕೂ ಕಡಿಮೆ. ಎರಡು ಸಂಸ್ಥೆಗಳನ್ನು ಹೋಲಿಸುವ ಮುನ್ನ ವಾರ್ಷಿಕ ವರದಿಯ ಲೆಕ್ಕಪತ್ರ ನೀತಿಗಳ ಟಿಪ್ಪಣಿಯಲ್ಲಿ ದಾಸ್ತಾನಿನ ಸಾಲನ್ನು ಓದಿ. ಯಾವ ಸೂತ್ರ ಬಳಸಿದ್ದಾರೆ ಎಂಬುದು ಅಲ್ಲಿರುತ್ತದೆ. ಲಾಭ ಏರಿ ದಾಸ್ತಾನಿನ ಮೊತ್ತವೂ ಏರಿ, ಕ್ವಿಂಟಲ್ ಲೆಕ್ಕದ ಮಾಲು ಮಾತ್ರ ಅಷ್ಟೇ ಇದ್ದರೆ, ಆ ಲಾಭ ದರ ಏರಿಕೆಯದು. ಸಣ್ಣ ವ್ಯಾಪಾರಿಗಳು ತಮ್ಮ ಲೆಕ್ಕದ ತಂತ್ರಾಂಶದಲ್ಲಿ ಯಾವ ವಿಧಾನ ಆಯ್ಕೆಯಾಗಿದೆ ಎಂದು ಒಮ್ಮೆ ನೋಡಿ, ಆಡಿಟರ್ ಬಳಸಿದ ಸೂತ್ರವೂ ಅದೇ ಎಂದು ಖಚಿತ ಮಾಡಿಕೊಳ್ಳಬೇಕು. ದರ ಏರಿದ ವರ್ಷ ಲಾಭವನ್ನು ಹಂಚುವ ಮೊದಲು ಗೋದಾಮನ್ನು ಮತ್ತೆ ತುಂಬಿಸಲು ಎಷ್ಟು ಬೇಕೆಂದು ಲೆಕ್ಕ ಹಾಕಿ, ಆ ಹಣವನ್ನು ಬೇರೆ ತೆಗೆದಿಡಿ.